ಓಬವ್ವನ ಕಿಂಡಿಯ ಪಂಜು ಬೆಳ್ಳಗಾಗದ ಹಾಗೆ: ಬ್ಲೂಮ್ ಮತ್ತು ಟೋನ್ ಮ್ಯಾಪಿಂಗ್, ನನ್ನ ಅನುಭವ

ನಾವು ಕಂಪ್ಯೂಟರ್‌ನಲ್ಲಿ ಕಟ್ಟುತ್ತಿದ್ದ ಚಿತ್ರದುರ್ಗದ ಕೋಟೆಯ ರಾತ್ರಿ ದೃಶ್ಯ. ಓಬವ್ವನ ಕಿಂಡಿಯ ಇಕ್ಕಟ್ಟಾದ ಬಂಡೆಸಂದಿ, ಒಳಗೆ ಒಂದೇ ಒಂದು ಪಂಜು. ಎಕ್ಸ್‌ಪೋಷರ್ ಆದ ಮೇಲೆ ಬಂಡೆಯ ಲೀನಿಯರ್ ಬೆಲೆ 0.05ರ ಆಸುಪಾಸು, ಉರಿಯ ನಡುಭಾಗ (40, 14, 2), ಅಂಚು (10, 3, 0.3). ಮೂರೂ ಬಣ್ಣಗಳ ಅನುಪಾತ ನೋಡಿದರೆ ಇದು ಅಪ್ಪಟ ಕೇಸರಿ. ತೆರೆಯ ಮೇಲೆ ಮಾತ್ರ ನಿಂಬೆಹಣ್ಣಿನ ಬಣ್ಣದ ಮುದ್ದೆ, ಸುತ್ತ ಹಾಲು ಚೆಲ್ಲಿದಂಥ ಮಂಜು.

ಮೊದಲ ಅನುಮಾನ ಬ್ಲೂಮ್ ಮೇಲೆ ಹೋಗುವುದು ಸಹಜ. ಆದರೆ ಬ್ಲೂಮ್ ಪೂರ್ತಿ ಆರಿಸಿದರೂ ಉರಿ ಬೆಳ್ಳಗೇ ಇತ್ತು. ಹಾಗಾಗಿ ಟೋನ್ ಕರ್ವ್‌ನ ಲೆಕ್ಕವನ್ನೇ ಕಾಗದದ ಮೇಲೆ ಹಾಕಿದೆವು. ಬಳಸುತ್ತಿದ್ದದ್ದು ಎಲ್ಲರೂ ಬಳಸುವ ನಾರ್ಕೋವಿಚ್ ಅವರ ಎಸಿಇಎಸ್ ಅಂದಾಜು ಸೂತ್ರ:

```glsl
x = clamp((x*(2.51*x+0.03)) / (x*(2.43*x+0.59)+0.14), 0.0, 1.0);
```

ಇದನ್ನು 1ಕ್ಕೆ ಸಮ ಮಾಡಿ ಬಿಡಿಸಿದರೆ x ಸುಮಾರು 7.24 ಬರುತ್ತದೆ. ಅದಕ್ಕಿಂತ ಮೇಲಿನದೆಲ್ಲ ಒಂದೇ: 8 ಆದರೂ 1, 800 ಆದರೂ 1. ಈ ಸೂತ್ರ ಕೆಂಪು, ಹಸಿರು, ನೀಲಿಗೆ ಬೇರೆಬೇರೆಯಾಗಿ ನಡೆಯುವುದರಿಂದ ನಮ್ಮ ಉರಿಯಲ್ಲಿ ಕೆಂಪಿನ 40, ಹಸಿರಿನ 14 ಎರಡೂ ಚಾವಣಿಗೆ ತಾಗುತ್ತವೆ. ನೀಲಿಯ 2 ಕೂಡ 0.915ಕ್ಕೆ ಏರುತ್ತದೆ. ಎಸ್‌ಆರ್‌ಜಿಬಿಗೆ ಹೋದ ಮೇಲೆ ನಡುಭಾಗ (255, 255, 245), ಅಂಚು (255, 250, 177). ಕೇಸರಿ ಎಲ್ಲೂ ಉಳಿದಿಲ್ಲ. ಎಕ್ಸ್‌ಪೋಷರ್ ಇಳಿಸಿದರೆ ಉರಿ ಸರಿಹೋಗುತ್ತದೆ, ಆದರೆ ಕೋಟೆ ಕತ್ತಲಲ್ಲಿ ಮುಳುಗುತ್ತದೆ.

ಕರ್ವ್ ಬದಲಿಸುವ ಮೊದಲು ಕ್ರಮ ಸರಿಯಿದೆಯೇ ನೋಡಬೇಕು. ಮೊದಲು ಎಕ್ಸ್‌ಪೋಷರ್, ಆಮೇಲೆ ಬ್ಲೂಮ್, ಆಮೇಲೆ ಟೋನ್ ಮ್ಯಾಪಿಂಗ್, ಕೊನೆಗೆ ಎಸ್‌ಆರ್‌ಜಿಬಿ. ಟೋನ್ ಮ್ಯಾಪಿಂಗ್ ಆದ ಮೇಲೆ ಬ್ಲೂಮ್ ಹಾಕಿದರೆ ಪಂಜೂ 1, ಬೆಳಕು ಬಿದ್ದ ಗೋಡೆಯೂ 0.8. ಯಾವುದು ಎಷ್ಟು ಚೆಲ್ಲಬೇಕು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಎಸ್‌ಆರ್‌ಜಿಬಿ ಫ್ರೇಮ್‌ಬಫರ್‌ಗೆ ಬರೆಯುವಾಗ ಶೇಡರ್‌ನಲ್ಲೂ `pow(c, 1/2.2)` ಉಳಿದುಬಿಟ್ಟಿದೆಯೇ ಎಂಬುದನ್ನೂ ಇಲ್ಲೇ ನೋಡಿಬಿಡಿ. ಎರಡು ಸಲ ಗಾಮಾ ಆದರೆ ಚಿತ್ರವೆಲ್ಲ ಬೂದಿ ಬಳಿದಂತೆ ಕಾಣುತ್ತದೆ, ಜನ ಅದಕ್ಕೂ ಬ್ಲೂಮನ್ನೇ ಬೈಯುತ್ತಾರೆ.

ಇನ್ನು ಆ ಹಾಲಿನ ಮಂಜು. ನಮ್ಮ ಬ್ಲೂಮ್ 2014ರ ಸಿಗ್ಗ್ರಾಫ್‌ನಲ್ಲಿ ಹಾರ್ಹೆ ಹಿಮೆನೆಸ್ ವಿವರಿಸಿದ ಬಗೆಯದು. 1920×1080ರ ಚಿತ್ರವನ್ನು 960×540, 480×270 ಎನ್ನುತ್ತ ಆರು ಮಟ್ಟ ಇಳಿಸುತ್ತೇವೆ. ಇಳಿಯುವಾಗ 13 ಸ್ಯಾಂಪಲ್, ಏರುವಾಗ 3×3 ಟೆಂಟ್ ಫಿಲ್ಟರ್. ತಪ್ಪಿದ್ದದ್ದು ಏರುವ ದಾರಿಯಲ್ಲಿ. ಪ್ರತಿ ಮಟ್ಟವನ್ನೂ ಮೇಲಿನದಕ್ಕೆ ಸುಮ್ಮನೆ ಕೂಡಿಸುತ್ತ ಹೋಗಿದ್ದೆವು. ಆರು ಮಟ್ಟ ಕೂಡಿದರೆ ಬೆಳಕು ಆರು ಪಟ್ಟು, ಅದು ಪಂಜಿಗೆ ಮಾತ್ರವಲ್ಲ, ಬಂಡೆಗೂ ಸೇರಿ. ಕೂಡಿಸುವ ಬದಲು ಬೆರೆಸಿದರೆ ಒಟ್ಟು ಬೆಳಕು ಅಷ್ಟೇ ಉಳಿಯುತ್ತದೆ:

```glsl
up[i]  = mix(down[i], tent(up[i+1]), 0.7);
scene  = mix(scene, up[0], 0.04);
```

ಇದರಲ್ಲಿ ಥ್ರೆಶೋಲ್ಡ್ ಇಲ್ಲ, ಬೇಕಾಗಿಯೂ ಇಲ್ಲ. `max(c - 1.0, 0.0)` ಇಟ್ಟರೆ 1ರ ಗಡಿ ದಾಟುವ, ದಾಟದ ಪಿಕ್ಸೆಲ್‌ಗಳು ಕ್ಯಾಮೆರಾ ಅಲುಗಿದಾಗಲೆಲ್ಲ ಮಿನುಗುತ್ತವೆ. 40ರಷ್ಟು ಬೆಳಗುವ ಉರಿಗೆ ನೂರಕ್ಕೆ ನಾಲ್ಕು ಪಾಲೇ ಧಾರಾಳ: ಪಂಜಿನ ಪಕ್ಕ ಬ್ಲೂಮ್ ಬೆಲೆ 5 ಇದ್ದರೆ 0.05ರ ಬಂಡೆ 0.248ಕ್ಕೆ ಏರುತ್ತದೆ. ದೂರದ ಬಂಡೆ ಇದ್ದಂತೆಯೇ ಇರುತ್ತದೆ.

ಸರಿಯಾಯಿತೋ ಇಲ್ಲವೋ ಎಂದು ಕಣ್ಣಿಂದ ಹೇಳುವುದು ಕಷ್ಟ. ಅದಕ್ಕೆ ತೆರೆ ತುಂಬ 0.18 ಬೂದುಬಣ್ಣ ತುಂಬಿ ಸರಪಳಿಯನ್ನು ಓಡಿಸಿ. ಎಲ್ಲೂ ಅಂಚಿಲ್ಲ, ಪ್ರಖರತೆ ಇಲ್ಲ, ಆದ್ದರಿಂದ ಬ್ಲೂಮ್ ಏನನ್ನೂ ಬದಲಿಸಬಾರದು. ಕೆಳಗಿನ ಕರ್ವ್ 0.6ರ ತನಕ ಬೆಲೆಯನ್ನು ಮುಟ್ಟುವುದಿಲ್ಲ, ಹಾಗಾಗಿ ಕೊನೆಯ ಪಿಕ್ಸೆಲ್ 118 ಬರಬೇಕು. ನಮಗೆ ಬಂದದ್ದು 128: ಆರು ಪಟ್ಟಾದ ಬ್ಲೂಮ್‌ನ ನೂರಕ್ಕೆ ನಾಲ್ಕು ಪಾಲು ಬೆರೆತು 0.18 ಇದ್ದದ್ದು 0.216 ಆಗಿತ್ತು. ಆರು ಪಟ್ಟು ಕೂಡಿದ್ದು ಸಿಕ್ಕಿಬಿದ್ದದ್ದು ಹೀಗೆ.

ಪಂಜಿನ ಕಿಡಿಗಳದು ಬೇರೆ ಕಾಟ. ಒಂದೇ ಪಿಕ್ಸೆಲ್‌ನ ಕಿಡಿ, ಬೆಲೆ 400, ಸುತ್ತಲ ಮೂರು ಪಿಕ್ಸೆಲ್ 0.2. ಸಾದಾ ಸರಾಸರಿ 100ಕ್ಕಿಂತ ಚೂರು ಹೆಚ್ಚು. ಅದು ಕೆಳಗಿನ ಮಟ್ಟಗಳಿಗೆ ಹೋಗಿ ಕಿಡಿ ಹಾರಿದಾಗಲೆಲ್ಲ ಇಡೀ ಕಿಂಡಿ ದಪದಪ ಹೊಳೆಯುತ್ತದೆ. ಪ್ರತಿ ಪಿಕ್ಸೆಲ್‌ಗೆ `1.0/(1.0+luma)` ತೂಕ ಕೊಟ್ಟರೆ, ಅಂದರೆ ಕಾರಿಸ್ ಸರಾಸರಿ ಬಳಸಿದರೆ, ಅದೇ ನಾಲ್ಕು ಪಿಕ್ಸೆಲ್ 0.6ಕ್ಕೆ ಇಳಿಯುತ್ತದೆ. ಇದನ್ನು ಮೊದಲ ಇಳಿಕೆಯಲ್ಲಿ ಮಾತ್ರ ಮಾಡಿ. ಎಲ್ಲ ಮಟ್ಟದಲ್ಲೂ ಮಾಡಿದರೆ ಪಂಜಿನ ಪ್ರಭೆಯೇ ಬಡಕಲಾಗುತ್ತದೆ. ಬೆಲೆ ತೆರುವುದಂತೂ ಇದ್ದೇ ಇದೆ: ದೂರದ ಬುರುಜಿನ ಮೇಲೆ ಚುಕ್ಕೆಯಾಗಿ ಕಾಣುವ ಪಂಜೂ ಕಿಡಿಯಂತೆಯೇ ಲೆಕ್ಕಕ್ಕೆ ಬಂದು ತನ್ನ ಪ್ರಭೆ ಕಳೆದುಕೊಳ್ಳುತ್ತದೆ. ಅದಕ್ಕೆ ನಾವು ಒಂದು ಸಣ್ಣ ಸ್ಪ್ರೈಟ್ ಅಂಟಿಸಿದೆವು.

ಈಗ ಕರ್ವ್. ಮೂರು ಬಣ್ಣಗಳನ್ನು ಬಿಡಿಬಿಡಿಯಾಗಿ ಅದುಮುವ ಬದಲು, ಮೂರರಲ್ಲಿ ದೊಡ್ಡದನ್ನು ಅದುಮಿ ಉಳಿದೆರಡನ್ನು ಅದೇ ಅನುಪಾತದಲ್ಲಿ ಇಳಿಸುತ್ತೇವೆ. ಆಮೇಲೆ ಎಷ್ಟು ಅದುಮಿದೆವೋ ಅದಕ್ಕೆ ತಕ್ಕಂತೆ ಸ್ವಲ್ಪ ಬಿಳುಪು ಬೆರೆಸುತ್ತೇವೆ. ಕ್ರೋನೋಸ್ ಗುಂಪಿನ ಪಿಬಿಆರ್ ನ್ಯೂಟ್ರಲ್‌ನ ಧಾಟಿಯೂ ಇದೇ.

```glsl
vec3 tonemap(vec3 c) {
  float a = 0.6, d = 1.0 - a;
  float p = max(c.r, max(c.g, c.b));
  if (p <= a) return c;
  float q = 1.0 - d*d / (p + d - a);
  float g = 1.0 - 1.0 / (0.01*(p - q) + 1.0);
  return mix(c * (q/p), vec3(q), g);
}
```

ಉರಿಯ ಅಂಚು ಈಗ (253, 160, 93), ನಡುಭಾಗ (255, 193, 152). ಇಲ್ಲಿ ಒಂದು ಸೂಕ್ಷ್ಮವಿದೆ. ಕೆಂಪು ಎರಡು ಕಡೆಯೂ ಹೆಚ್ಚುಕಡಿಮೆ ಅಷ್ಟೇ. 10 ಮತ್ತು 40ರ ನಡುವಿನ ವ್ಯತ್ಯಾಸವನ್ನು ತೋರಿಸಲು ತೆರೆಯಲ್ಲಿ ಜಾಗ ಉಳಿದಿಲ್ಲ, ಆದ್ದರಿಂದ ಉರಿಯ ಒಳರಚನೆಯನ್ನು ಬಿಳುಪಿನ ಬೆರಕೆಯೇ ತೋರಿಸುತ್ತಿದೆ. ಆ 0.01ನ್ನು ಸೊನ್ನೆ ಮಾಡಿ ನೋಡಿ: ಬಣ್ಣ ಗಾಢವಾಗಿರುತ್ತದೆ, ಆದರೆ ಉರಿ ಕತ್ತರಿಸಿ ಅಂಟಿಸಿದ ಕಾಗದದಂತೆ ಚಪ್ಪಟೆ. 0.15ಕ್ಕೆ ಏರಿಸಿದರೆ ಮತ್ತೆ ಬಿಳಿ ಮುದ್ದೆ.

ಈ ವಿಧಾನದ ದೋಷ ಬೇರೆ ಬಗೆಯದು. ಬಿಡಿಬಿಡಿ ಕರ್ವ್ ಕೇಸರಿಯನ್ನು ಹಳದಿಗೆ ಎಳೆದರೆ, ಇದು ನಸುಗುಲಾಬಿಗೆ ಎಳೆಯುತ್ತದೆ. ನಡುಭಾಗ ಬೆಂಕಿಗಿಂತ ಪೀಚ್ ಹಣ್ಣಿನಂತೆ ಕಂಡದ್ದು ಅದಕ್ಕೇ. ಕರ್ವ್‌ನಲ್ಲಿ ಹಳದಿ ಬೆರೆಸಿದರೆ ಬೆಳದಿಂಗಳ ಬಂಡೆಯ ಹೊಳಪೂ ಹಳದಿಯಾಗುತ್ತದೆ, ಹಾಗಾಗಿ ಅಲ್ಲಿಗೆ ಕೈ ಹಾಕಲಿಲ್ಲ. ಉರಿಯ ಟೆಕ್ಸ್ಚರ್‌ನ ನಡುಭಾಗದಲ್ಲೇ ಹಸಿರನ್ನು 14ರಿಂದ 22ಕ್ಕೆ ಏರಿಸಿದೆವು. ತೆರೆಯ ಮೇಲೆ (255, 214, 152) ಬಂತು, ಎಣ್ಣೆ ಪಂಜಿನ ಬಣ್ಣ.

ಬ್ಲೂಮ್ ಮಟ್ಟಗಳಿಗೆ `R11G11B10F` ಹಗಲಿಗೆ ಸಾಕು. ಇಂಥ ಕತ್ತಲಲ್ಲಿ ಬೇಡ: ನೀಲಿಗೆ ಮ್ಯಾಂಟಿಸಾ 5 ಬಿಟ್, ಉಳಿದವಕ್ಕೆ 6. ಬಂಡೆಯ ಮೇಲೆ ಕರಗುವ ಪ್ರಭೆ ಮೆಟ್ಟಿಲು ಮೆಟ್ಟಿಲಾಗಿ, ನಡುನಡುವೆ ಬೇರೆ ಬಣ್ಣ ತಳೆದು ಕಾಣುತ್ತದೆ. `RGBA16F`ಗೆ ಹೋದ ಮೇಲೂ ಮಿಕ್ಕ ಪಟ್ಟೆಗಳು 8 ಬಿಟ್ ತೆರೆಯವು. ಎಸ್‌ಆರ್‌ಜಿಬಿ ಆದ ಮೇಲೆ, ಬರೆಯುವ ಕೊನೆಯ ಗಳಿಗೆಯಲ್ಲಿ, ±0.5/255ರಷ್ಟು ನಾಯ್ಸ್ ಸೇರಿಸಿದರೆ ಅವೂ ಹೋಗುತ್ತವೆ.