ಮೈಸೂರು ಶೈಲಿ ಕೇಳಿದೆ, ತಂಜಾವೂರು ಬಂತು

ವೀಣಾ ಕಛೇರಿಯೊಂದರ ಆಹ್ವಾನಪತ್ರಿಕೆಗೆ ಸರಸ್ವತಿಯ ಚಿತ್ರ ಬೇಕಿತ್ತು. ಚಿತ್ರ ಬರೆಯುವವರು ದೂರದ ಊರಿನವರು, ಮೈಸೂರು ಚಿತ್ರಗಳನ್ನು ಎದುರಿಗೆ ಕಂಡವರಲ್ಲ. ನಾನು ಬರೆದು ಕಳಿಸಿದ್ದು ಒಂದೇ ಸಾಲು: "ದಕ್ಷಿಣದ ಹಳೆಯ ಆಸ್ಥಾನ ಶೈಲಿ, ಚಿನ್ನದ ರೇಕು, ಗಾಢ ಕೆಂಪು, ಕುಸುರಿ ಅಂಚು." ಬಂದ ಚಿತ್ರದಲ್ಲಿ ಕಂಬ, ಕಮಾನು, ಸೀರೆ ಎಲ್ಲವೂ ಚಿನ್ನ. ಉಬ್ಬು ದಪ್ಪ, ನಡುನಡುವೆ ಗಾಜಿನ ಕಲ್ಲು, ದುಂಡು ಮುಖದ ದೇವಿ ಚೌಕಟ್ಟು ತುಂಬ ಕೂತಿದ್ದಳು. ಚೆನ್ನಾಗಿಯೇ ಇತ್ತು, ಆದರೆ ಅದು ತಂಜಾವೂರು. ತಪ್ಪು ನನ್ನ ಸಾಲಿನದು. ಅದು ಎರಡಕ್ಕೂ ಹೊಂದುತ್ತಿತ್ತು.

ಎರಡನೇ ಸಲ ಬರೆಯುವ ಮೊದಲು ಜಗನ್ಮೋಹನ ಅರಮನೆಯ ಚಿತ್ರಗಳ ಮುಂದೆ ನಿಂತು, ಚಿನ್ನ ಎಲ್ಲೆಲ್ಲಿ ಇಲ್ಲ ಎಂದು ಗುರುತು ಮಾಡಿಕೊಂಡೆ. ಮೈಯಲ್ಲಿಲ್ಲ, ಆಕಾಶದಲ್ಲಿಲ್ಲ, ಸೀರೆಯ ಒಡಲಿನಲ್ಲಿಲ್ಲ. ಇರುವುದು ಕಿರೀಟ, ಒಡವೆ, ಸೆರಗಿನ ಜರಿ, ಸಿಂಹಾಸನ, ಕಮಾನಿನ ಕುಸುರಿಯಲ್ಲಿ. ಉಬ್ಬೂ ಅಷ್ಟೇ. ಸಫೇದ ಎಂಬ ಬಿಳಿ ಪುಡಿಗೆ ಅಂಟು ಕಲಸಿದ ಲೇಪವನ್ನು ಸಣ್ಣ ಕುಂಚದಿಂದ ಎಳೆ ಎಳೆಯಾಗಿ, ಚುಕ್ಕಿ ಚುಕ್ಕಿಯಾಗಿ ಇಟ್ಟು, ಒಣಗಿದ ಮೇಲೆ ರೇಕು ಅಂಟಿಸುತ್ತಾರೆ. ಹಾಗಾಗಿ ಅದು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುವಂಥ ಉಬ್ಬು. ಇದನ್ನೇ ಬರೆದೆ: "ಚಿನ್ನ ಒಡವೆ, ಜರಿ, ಸಿಂಹಾಸನ, ಕಮಾನಿಗೆ ಮಾತ್ರ. ಉಬ್ಬು ತೀರ ತೆಳು, ಸಣ್ಣ ಎಳೆ ಮತ್ತು ಚುಕ್ಕಿಗಳಲ್ಲಿ. ಗಾಜು, ಕಲ್ಲು ಬೇಡ."

ಕೆಂಪಿನದು ಇನ್ನೂ ಕಷ್ಟ. "ಗಾಢ" ಎಂದರೆ ಒಬ್ಬರಿಗೆ ಕಂದು, ಇನ್ನೊಬ್ಬರಿಗೆ ಕುಂಕುಮ. ಬಣ್ಣದ ಹೆಸರು ಬಿಟ್ಟು ಅದರ ಜಾಗ ಮತ್ತು ನೆರೆಯನ್ನು ಹೇಳಿದೆ: "ಸೀರೆ ಮಾಗಿದ ದಾಳಿಂಬೆ ಕಾಳಿನ ಕೆಂಪು, ಮಡಿಕೆಗಳಲ್ಲಿ ಇನ್ನೂ ಕಪ್ಪು. ಹಿಂದಿನ ಪರದೆ ಎಲೆಹಸಿರು. ಇಡೀ ಹಿನ್ನೆಲೆ ಕೆಂಪಾಗಬಾರದು." ಹಸಿರು ಪಕ್ಕಕ್ಕೆ ಬಂದದ್ದರಿಂದ ಕೆಂಪು ತಾನೇ ಆಳವಾಯಿತು.

ಅಂಚಿನಲ್ಲಿ ಮತ್ತೊಮ್ಮೆ ಎಡವಿದೆ. ನಾಲ್ಕೂ ಕಡೆ ಬಳ್ಳಿ, ಹೂವು, ಹಂಸ ಎಂದು ಬರೆದಿದ್ದೆ; ದೇವಿ ಕಿಟಕಿಯೊಳಗೆ ಕೂತವಳಂತೆ ಕಂಡಳು. ಕಣ್ಣು ಅರೆಮುಚ್ಚಿ ನೋಡಿದರೆ ಮೊದಲು ಕಾಣುತ್ತಿದ್ದದ್ದು ಚೌಕಟ್ಟೇ. ಆಗ ಅಲಂಕಾರವನ್ನೆಲ್ಲ ಒಳಗಿನ ಕಂಬ, ಕಮಾನಿಗೆ ಸಾಗಿಸಿ, ಹೊರಗೆ ಒಂದು ಕೆಂಪು ಪಟ್ಟಿ, ಅದರೊಳಗೆ ಚಿನ್ನದ ಒಂದೇ ಗೆರೆ ಎಂದು ತಿದ್ದಿದೆ.

ಮೂರನೇ ಕರಡಿನಲ್ಲಿ ಕಣ್ಣು ಅರೆಮುಚ್ಚಿದಾಗ ಮೊದಲು ಕಂಡದ್ದು ಮುಖ, ಆಮೇಲೆ ವೀಣೆಯ ಮೇಲಿನ ಕೈ. ಅದನ್ನೇ ಅಚ್ಚಿಗೆ ಕಳಿಸಿದೆ.