ಎರಡು ದೀಪಗಳ ಮಾತು: ಪರದೆಯಿಲ್ಲದ ಪ್ರಿಂಟರ್ ಜೊತೆ ನನ್ನ ಅನುಭವ

ಸೋಮವಾರಪೇಟೆಯಲ್ಲಿ ನನ್ನದೊಂದು ಚಿಕ್ಕ ಜೆರಾಕ್ಸ್ ಅಂಗಡಿ. ಪಹಣಿ, ಅರ್ಜಿ, ಮಕ್ಕಳ ಅಂಕಪಟ್ಟಿ, ಮದುವೆಯ ಆಮಂತ್ರಣದ ಕರಡು ಎಲ್ಲವೂ ಇಲ್ಲಿ ಮುದ್ರಣವಾಗುತ್ತವೆ. ಬಣ್ಣದ ಕೆಲಸಕ್ಕೆ ಇಟ್ಟುಕೊಂಡಿರುವುದು ಕ್ಯಾನನ್ ಐಪಿ2770. ಅದಕ್ಕೆ ಪರದೆ ಇಲ್ಲ. ಇರುವುದು ಎರಡು ಗುಂಡಿ ಮತ್ತು ಎರಡು ದೀಪ: ಪವರ್‌ಗೆ ಹಸಿರು, ಎಚ್ಚರಿಕೆಗೆ ಕಿತ್ತಳೆ. ಹೇಳಬೇಕಾದುದನ್ನೆಲ್ಲ ಅದು ಈ ಎರಡರಲ್ಲೇ ಹೇಳುತ್ತದೆ. ಆ ಮಾತನ್ನು ಸರಿಯಾಗಿ ಓದಲು ಕಲಿತದ್ದು ಒಂದು ಕಕ್ಕಡ ತಿಂಗಳಿನಲ್ಲಿ, ಹೊರಗೆ ಮಳೆ ಹಿಡಿದು ಬಿಡದೆ ಸುರಿಯುತ್ತಿದ್ದ ಒಂದು ಬೆಳಗ್ಗೆ.

ಆ ದಿನ ತೋಟದ ಯಜಮಾನರೊಬ್ಬರು ಸಹಕಾರ ಸಂಘಕ್ಕೆ ಕೊಡಬೇಕಾದ ಸಾಲದ ಕಾಗದಗಳ ಜೊತೆ, ತೋಟದ ಬಣ್ಣದ ಫೋಟೋಗಳನ್ನೂ ಮುದ್ರಿಸಿಕೊಳ್ಳಲು ಬಂದಿದ್ದರು. ಮೊದಲ ಹಾಳೆ ಅರ್ಧ ಬರುವಾಗ ಕರೆಂಟು ಹೋಯಿತು. ಹತ್ತು ನಿಮಿಷದ ಮೇಲೆ ಬಂದಾಗ ಪ್ರಿಂಟರ್ ಆನ್ ಮಾಡಿದೆ. ಒಳಗೆ ಇಂಕ್ ಡಬ್ಬಿಗಳನ್ನು ಹೊತ್ತು ಓಡಾಡುವ ಕ್ಯಾರೇಜ್ ಒಮ್ಮೆ ಓಡಿ, ಪಕ್ಕದ ಗೋಡೆಗೆ ಢಬ್ ಎಂದು ಬಡಿದು ನಿಂತಿತು. ದೀಪಗಳು ಮಿನುಗತೊಡಗಿದವು.

ನಾನು ಎಣಿಸಿದೆ: ನಾಲ್ಕು. ಗೋಡೆಗೆ ಅಂಟಿಸಿಕೊಂಡಿದ್ದ ಪಟ್ಟಿಯಲ್ಲಿ ಕಿತ್ತಳೆ ನಾಲ್ಕು, ಐದರ ಎದುರು ಇಂಕ್ ಕಾರ್ಟ್ರಿಡ್ಜ್ ಸರಿಯಾಗಿ ಕುಳಿತಿಲ್ಲ ಎಂದು ಬರೆದಿದ್ದೆ. ಕಾರ್ಟ್ರಿಡ್ಜ್‌ಗಳನ್ನು ತೆಗೆದು ಹಾಕಿದೆ, ತಾಮ್ರದ ಬಣ್ಣದ ಸಂಪರ್ಕ ಬಿಂದುಗಳನ್ನು ಒರೆಸಿದೆ, ಮತ್ತೆ ಕೂಡಿಸಿದೆ. ಅದೇ ಸದ್ದು, ಅದೇ ಮಿನುಗು. ಅರ್ಧ ಗಂಟೆ ಹೀಗೇ ಕಳೆಯಿತು.

ಆಗ ಅಂಗಡಿಯ ಹುಡುಗ ಒಂದು ಮಾತು ಹೇಳಿದ: "ಅಕ್ಕಾ, ಎರಡು ಬಣ್ಣವೂ ಮಿನುಗುತ್ತಿದೆಯಲ್ಲ, ನೀವು ಎರಡನ್ನೂ ಸೇರಿಸಿ ಎಣಿಸುತ್ತಿದ್ದೀರಾ?"

ಹೌದು, ಹಾಗೆಯೇ ಎಣಿಸುತ್ತಿದ್ದೆ. ಹಸಿರು, ಕಿತ್ತಳೆ, ಹಸಿರು, ಕಿತ್ತಳೆ, ಆಮೇಲೆ ಒಂದು ಬಿಡುವು. ಅದು ನಾಲ್ಕಲ್ಲ. ಎರಡು ದೀಪಗಳು ಸರದಿಯಲ್ಲಿ ಎರಡೆರಡು ಬಾರಿ ಮಿನುಗುವುದು. ಈ ಪ್ರಿಂಟರ್‌ನಲ್ಲಿ ಕಿತ್ತಳೆ ಒಂದೇ ಮಿನುಗಿದರೆ ಅದೊಂದು ಪಟ್ಟಿ, ಎರಡೂ ಸರದಿಯಲ್ಲಿ ಮಿನುಗಿದರೆ ಬೇರೆಯದೇ ಪಟ್ಟಿ. ಮೊದಲನೆಯದು ಸಾಮಾನ್ಯವಾಗಿ ಬಳಸುವವರೇ ಸರಿಪಡಿಸಬಹುದಾದದ್ದು: ಹಾಳೆ, ಇಂಕ್, ಕಾರ್ಟ್ರಿಡ್ಜ್. ಎರಡನೆಯದು ಯಂತ್ರದ ಒಳಗಿನ ತೊಂದರೆ.

ಅಂದಿನಿಂದ ನಾನು ಕಣ್ಣಳತೆಯಲ್ಲಿ ಎಣಿಸುವುದನ್ನು ಬಿಟ್ಟೆ. ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ತೆಗೆಯುತ್ತೇನೆ, ಆಮೇಲೆ ನಿಧಾನಗತಿಯಲ್ಲಿ ನೋಡುತ್ತೇನೆ. ಮಿನುಗುಗಳ ಗುಂಪು ಮುಗಿದು ಮತ್ತೆ ಶುರುವಾಗುವ ಮೊದಲು ಒಂದು ಬಿಡುವು ಇರುತ್ತದೆ. ಕಿತ್ತಳೆ ಒಂದೇ ಮಿನುಗುವಾಗ ಆ ಬಿಡುವಿನಲ್ಲಿ ಹಸಿರು ಹೊತ್ತಿರುತ್ತದೆ. ಆ ಬಿಡುವನ್ನು ಹಿಡಿದೇ ಎಣಿಕೆ ಆರಂಭಿಸಬೇಕು. ನಡುವಿನಿಂದ ಎಣಿಸಿದರೆ ಎಂಟು ಐದಾಗುತ್ತದೆ, ಐದು ಮೂರಾಗುತ್ತದೆ. ಮೂರು ಸುತ್ತು ಒಂದೇ ಸಂಖ್ಯೆ ಬಂದರೆ ಮಾತ್ರ ನಂಬುತ್ತೇನೆ. ಕಂಪ್ಯೂಟರ್‌ಗೆ ಜೋಡಿಸಿದ್ದರೆ ತೆರೆಯ ಮೇಲೆ ನಾಲ್ಕು ಅಂಕಿಯ ಸಂಕೇತವೂ ಬರುತ್ತದೆ. ಸರದಿಯ ಎರಡಕ್ಕೆ 5100. ಎರಡೂ ಹೊಂದಿದರೆ ಎಣಿಕೆ ಸರಿ ಎಂದು ಅರ್ಥ.

5100 ಎಂದರೆ ಕ್ಯಾರೇಜ್ ದೋಷ. ಆದರೆ ಕ್ಯಾರೇಜ್ ಕೆಟ್ಟಿದೆ ಎಂದು ಅದರ ಅರ್ಥವಲ್ಲ. ತಾನು ಈಗ ಎಲ್ಲಿದ್ದೇನೆ ಎಂಬುದು ಕ್ಯಾರೇಜ್‌ಗೆ ಗೊತ್ತಾಗುತ್ತಿಲ್ಲ, ಅಥವಾ ಹೋಗಬೇಕಾದ ಕಡೆಗೆ ಅದು ಹೋಗುತ್ತಿಲ್ಲ, ಇಷ್ಟೇ ಪ್ರಿಂಟರ್ ಕಂಡದ್ದು. ಕಾರಣವನ್ನು ನಾವೇ ಹುಡುಕಬೇಕು. ಹಾಳೆಯ ಚೂರು ಅಡ್ಡ ಬಂದಿರಬಹುದು, ಕಾರ್ಟ್ರಿಡ್ಜ್ ಮೇಲೆದ್ದು ತಾಗುತ್ತಿರಬಹುದು, ಸ್ಥಾನ ಓದುವ ಪಟ್ಟಿ ಕೊಳೆಯಾಗಿರಬಹುದು.

ವೈರ್ ತೆಗೆದು, ಮುಚ್ಚಳ ತೆರೆದು ಟಾರ್ಚ್ ಬಿಟ್ಟೆ. ಕ್ಯಾರೇಜ್ ನಡುದಾರಿಯಲ್ಲಿ ನಿಂತಿತ್ತು. ಎರಡು ಬೆರಳಿನಿಂದ ತಳ್ಳಿದಾಗ ಸಲೀಸಾಗಿ ಜಾರಿತು. (ಅದು ಬಲ ಮೂಲೆಯಲ್ಲಿ ತಂಗಿದ್ದರೆ ಅಲ್ಲಿ ಬಿಗಿಯಾಗಿ ಹಿಡಿದಿರುತ್ತದೆ, ಆಗ ಒತ್ತಾಯ ಮಾಡಬಾರದು.) ಅಡ್ಡವಾಗಿ ಏನೂ ಇಲ್ಲ. ಮೋಟರ್ ಕೂಡ ಸರಿ, ಇಲ್ಲದಿದ್ದರೆ ಗೋಡೆಗೆ ಬಡಿಯುವಷ್ಟು ಓಡುತ್ತಿರಲಿಲ್ಲ. ಗೋಡೆಗೆ ಬಡಿದದ್ದೇ ಸುಳಿವು: ನಿಲ್ಲಬೇಕಾದ ಜಾಗ ಅದಕ್ಕೆ ಕಾಣುತ್ತಿಲ್ಲ.

ಕ್ಯಾರೇಜ್‌ನ ಹಿಂದೆ ಎಡದಿಂದ ಬಲಕ್ಕೆ ತೆಳ್ಳನೆಯ ಪಾರದರ್ಶಕ ಪಟ್ಟಿಯೊಂದು ಎಳೆದಿರುತ್ತದೆ. ಎನ್‌ಕೋಡರ್ ಪಟ್ಟಿ. ಅದರಲ್ಲಿ ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಗೆರೆಗಳಿವೆ. ಕ್ಯಾರೇಜ್‌ನಲ್ಲಿರುವ ಬೆಳಕಿನ ಸೆನ್ಸರ್ ಆ ಗೆರೆಗಳನ್ನು ಎಣಿಸುತ್ತಾ ಸಾಗುತ್ತದೆ. ದಾರಿಬದಿಯ ಮೈಲಿಗಲ್ಲುಗಳಂತೆ ಅವೇ ಅದಕ್ಕೆ ದಾರಿಯ ಲೆಕ್ಕ. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಪಟ್ಟಿಯ ಮೇಲೆ ಗೇಣುದ್ದಕ್ಕೆ ಎಣ್ಣೆಯ ಪಸೆ ಮಿಂಚುತ್ತಿತ್ತು. ಅದು ನನ್ನದೇ ಕೆಲಸ. ಮಳೆಗಾಲದ ತೇವಕ್ಕೆ ಕ್ಯಾರೇಜ್ ಜಾರುವ ಲೋಹದ ಹಳಿ ತುಕ್ಕು ಹಿಡಿದೀತೆಂದು ನಾಲ್ಕು ದಿನದ ಹಿಂದೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದೆ. ಅದು ಕ್ಯಾರೇಜ್‌ನ ಓಡಾಟದಲ್ಲಿ ಪಟ್ಟಿಗೂ ಹರಡಿ, ಅದರ ಮೇಲೆ ಇಂಕಿನ ಸಣ್ಣ ಹನಿಗಳೂ ಧೂಳೂ ಕೂತು ಗೆರೆಗಳು ಮಸುಕಾಗಿದ್ದವು. ಕರೆಂಟು ಹೋದದ್ದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ; ಮರಳಿ ಆನ್ ಮಾಡಿದಾಗ ಪ್ರಿಂಟರ್ ತನ್ನ ದಾರಿಯನ್ನು ಮೊದಲಿನಿಂದ ಅಳೆಯಲು ಹೊರಟಿತು, ಆಗ ದೋಷ ಹೊರಬಿತ್ತು.

ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯ ತುದಿಯನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ತೇವ ಮಾಡಿ, ಹಿಂಡಿ, ಪಟ್ಟಿಯನ್ನು ಬಟ್ಟೆಯ ನಡುವೆ ಹಗುರವಾಗಿ ಹಿಡಿದು ಒಂದೇ ದಿಕ್ಕಿಗೆ ಒರೆಸಿದೆ. ಎಣ್ಣೆ ಬಿಡಲು ಐದಾರು ಸಲ ಬೇಕಾಯಿತು, ಪ್ರತಿ ಸಲವೂ ಬಟ್ಟೆಯ ಹೊಸ ಭಾಗ. ಸ್ಪಿರಿಟ್, ಥಿನ್ನರ್ ಹಚ್ಚಬಾರದು, ಗೆರೆಗಳೇ ಅಳಿಸಿಹೋಗುವ ಭಯವಿದೆ. ಜೋರಾಗಿ ಎಳೆಯಲೂಬಾರದು, ಪಟ್ಟಿ ಕೊಕ್ಕೆಯಿಂದ ಕಳಚಿಕೊಂಡರೆ ಅದನ್ನು ಸೆನ್ಸರ್‌ನ ಸೀಳಿನೊಳಗೆ ಮತ್ತೆ ಸೇರಿಸುವುದು ಬೇರೆಯೇ ಕಷ್ಟ. ಕೊನೆಗೆ ಒಣ ಬಟ್ಟೆಯಿಂದ ಒರೆಸಿ, ಹಳಿಯ ಮೇಲೆ ಉಳಿದಿದ್ದ ಹೆಚ್ಚುವರಿ ಎಣ್ಣೆಯನ್ನೂ ತೆಗೆದೆ.

ಆನ್ ಮಾಡಿದೆ. ಕ್ಯಾರೇಜ್ ಎಡಕ್ಕೆ ಹೋಗಿ, ಬಡಿಯದೆ ತಿರುಗಿ ಬಂತು. ಹಸಿರು ಸ್ವಲ್ಪ ಹೊತ್ತು ಮಿನುಗಿ ಸ್ಥಿರವಾಯಿತು. ಪರೀಕ್ಷೆಗೆ ಕಂಪ್ಯೂಟರ್ ಬೇಕಿಲ್ಲ: ರೆಸ್ಯೂಮ್ ಗುಂಡಿಯನ್ನು ಒತ್ತಿ ಹಿಡಿದು ಹಸಿರು ದೀಪ ಎರಡು ಬಾರಿ ಮಿನುಗಿದ ಕೂಡಲೇ ಬಿಟ್ಟರೆ ಇಂಕ್ ಚಿಮ್ಮುವ ಸಣ್ಣ ರಂಧ್ರಗಳಾದ ನಾಝಲ್‌ಗಳ ಪರೀಕ್ಷೆಯ ಹಾಳೆ ಬರುತ್ತದೆ. ಒಂದೇ ಮಿನುಗಿಗೆ ಬಿಟ್ಟರೆ ಆ ರಂಧ್ರಗಳಿರುವ ಹೆಡ್‌ನ ಶುದ್ಧೀಕರಣ ಶುರುವಾಗುತ್ತದೆ. ಪರೀಕ್ಷೆಯ ಹಾಳೆಯಲ್ಲಿ ಗೆರೆಗಳು ಎಲ್ಲೂ ಮುರಿಯದೆ ಬಂದವು. ಯಜಮಾನರು ಅಷ್ಟು ಹೊತ್ತೂ ಬೆಂಚಿನ ಮೇಲೆ ಕಾದಿದ್ದರು. "ಆಯಿತೇನಮ್ಮಾ?" ಎಂದರು. ಫೋಟೋಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟೆ.

ಮಳೆಗಾಲದಲ್ಲಿ ನಾನು ಅತಿ ಹೆಚ್ಚು ನೋಡುವುದು ಮಾತ್ರ ಕಿತ್ತಳೆ ಎರಡು. ಪಟ್ಟಿಯ ಪ್ರಕಾರ ಹಾಳೆ ಇಲ್ಲ. ತಟ್ಟೆಯಲ್ಲಿ ಐವತ್ತು ಹಾಳೆ ಇದ್ದರೂ ಬರುತ್ತದೆ. ಇಲ್ಲಿಯೂ ಪ್ರಿಂಟರ್ ಹೇಳುವುದು ಇಷ್ಟೇ: ರೋಲರ್ ತಿರುಗಿಸಿದೆ, ಆದರೆ ಹಾಳೆ ಬಂದು ಸೆನ್ಸರನ್ನು ಮುಟ್ಟಲಿಲ್ಲ. ನಮ್ಮ ಊರಿನ ತೇವಕ್ಕೆ ಹಾಳೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಧೂಳು ಹಿಡಿದ ರೋಲರ್ ಅವುಗಳ ಮೇಲೆ ಜಾರುತ್ತದೆ. ಎರಡು ಮೂರು ಹಾಳೆ ಒಟ್ಟಿಗೆ ಒಳಹೋಗಿ ಸಿಕ್ಕಿಕೊಂಡರೆ ಎರಡು ಮೂರಾಗುತ್ತದೆ. ಕಿತ್ತಳೆ ಮೂರೆಂದರೆ ಹಾಳೆ ಸಿಕ್ಕಿದೆ. ಮೊದಲೆಲ್ಲ ರೆಸ್ಯೂಮ್ ಒತ್ತಿ ಒತ್ತಿ ಮುಂದಕ್ಕೆ ತಳ್ಳುತ್ತಿದ್ದೆ. ಈಗ ಹಾಳೆಯ ಕಟ್ಟನ್ನು ಸಣ್ಣ ಬಲ್ಬ್ ಉರಿಯುವ ಕಪಾಟಿನಲ್ಲಿ ಇಡುತ್ತೇನೆ. ಹಿಂದೆ ಬಟ್ಟೆಗೆ ಬೂಸ್ಟು ಬಾರದಿರಲು ಮನೆಯಲ್ಲಿ ಮಾಡುತ್ತಿದ್ದ ಉಪಾಯವೇ ಅದು. ಒಮ್ಮೆಗೆ ಇಪ್ಪತ್ತು ಹಾಳೆ ಮಾತ್ರ, ಅಂಚು ಬೀಸಿ ಬಿಡಿಸಿ ಹಾಕುತ್ತೇನೆ. ಸಂಜೆ ತಟ್ಟೆಯಲ್ಲಿ ಉಳಿದದ್ದನ್ನು ವಾಪಸು ಕಪಾಟಿಗೆ ಇಡುತ್ತೇನೆ. ಇದಾದ ಮೇಲೆ ಕಿತ್ತಳೆ ಎರಡು ಬಹಳ ಕಡಿಮೆಯಾಗಿದೆ.

ಇಂಕಿಗೆ ಸಂಬಂಧಿಸಿದವು ಹದಿಮೂರು ಮತ್ತು ಹದಿನಾರು. ಹದಿಮೂರು, ಇಂಕ್ ಮುಗಿದಿರಬಹುದು, ಹದಿನಾರು, ಮುಗಿದಿದೆ. ಇಷ್ಟು ದೊಡ್ಡ ಸಂಖ್ಯೆಗಳನ್ನು ವಿಡಿಯೋ ಇಲ್ಲದೆ ಎಣಿಸಲು ಹೋಗಬೇಡಿ. ರೀಫಿಲ್ ಮಾಡಿದ ಕಾರ್ಟ್ರಿಡ್ಜ್ ಆದರೆ ರೆಸ್ಯೂಮ್ ಗುಂಡಿಯನ್ನು ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಇಂಕ್ ಅಳೆಯುವುದನ್ನು ಪ್ರಿಂಟರ್ ನಿಲ್ಲಿಸಿ ಮುದ್ರಣ ಮುಂದುವರಿಸುತ್ತದೆ. ಅಲ್ಲಿಂದ ಮುಂದೆ ಇಂಕ್ ಇದೆಯೇ ಎಂದು ನೋಡಿಕೊಳ್ಳುವುದು ನಮ್ಮ ಹೊಣೆ. ಒಣ ಹೆಡ್‌ನಲ್ಲಿ ಮುದ್ರಿಸುತ್ತಾ ಹೋದರೆ ಕಾರ್ಟ್ರಿಡ್ಜ್ ಶಾಶ್ವತವಾಗಿ ಹಾಳಾಗುತ್ತದೆ.

ಹೆದರಬೇಕಾದದ್ದು ಕಿತ್ತಳೆ ಎಂಟು. ಹೆಡ್ ಶುದ್ಧೀಕರಿಸುವಾಗ ಹೀರಿದ ಇಂಕ್ ಪ್ರಿಂಟರ್‌ನ ತಳದಲ್ಲಿರುವ ಹೀರುಪಟ್ಟಿಗಳಿಗೆ ಹೋಗುತ್ತದೆ. ಎಷ್ಟು ಹೋಯಿತೆಂದು ಪ್ರಿಂಟರ್ ಅಳೆಯುವುದಿಲ್ಲ, ಲೆಕ್ಕ ಇಡುತ್ತದೆ. ಎಂಟು ಬಂದರೆ ಹೀರುಪಟ್ಟಿ ತುಂಬುತ್ತಾ ಬಂದಿದೆ ಎಂದರ್ಥ. ರೆಸ್ಯೂಮ್ ಒತ್ತಿ ಇನ್ನೂ ಕೆಲವು ಕಾಲ ಕೆಲಸ ಮಾಡಿಸಬಹುದು. ಆಮೇಲೆ ಸರದಿಯ ಏಳು ಬರುತ್ತದೆ, ತೆರೆಯ ಮೇಲೆ 5B00. ಅಲ್ಲಿಗೆ ಮುದ್ರಣ ಪೂರ್ತಿ ನಿಲ್ಲುತ್ತದೆ. ಲೆಕ್ಕವನ್ನು ಸಾಫ್ಟ್‌ವೇರ್‌ನಿಂದ ಸೊನ್ನೆ ಮಾಡಿಕೊಡುವವರಿದ್ದಾರೆ. ಹೀರುಪಟ್ಟಿ ಬದಲಿಸದೆ ಹಾಗೆ ಮಾಡಿಸಿದರೆ ಇಂಕ್ ಕೆಳಗಿನಿಂದ ಮೇಜಿಗೆ ಇಳಿಯುತ್ತದೆ. ಅದಕ್ಕೇ ನಾನು ಎಂಟು ಕಂಡ ದಿನವೇ ತಾರೀಖು ಬರೆದಿಟ್ಟು, ರಿಪೇರಿಯವರಿಗೆ ಹೀರುಪಟ್ಟಿಯನ್ನೇ ಬದಲಿಸಲು ಹೇಳುತ್ತೇನೆ.

ಬೇರೆ ಪ್ರಿಂಟರ್‌ಗೆ ಈ ಸಂಖ್ಯೆಗಳನ್ನು ಒಯ್ಯಬೇಡಿ. ಪಕ್ಕದ ಅಂಗಡಿಯ ಎಚ್‌ಪಿ ಲೇಸರ್‌ಜೆಟ್ 1020ರಲ್ಲಿ ಎಣಿಕೆಯೇ ಇಲ್ಲ. ಅಲ್ಲಿ ಎಚ್ಚರಿಕೆ ದೀಪ ಮಿನುಗಿದರೆ ಬಾಗಿಲು, ಹಾಳೆ, ಟೋನರ್ ನೋಡಿಕೊಳ್ಳಬೇಕು. ಎರಡೂ ದೀಪ ಮಿನುಗದೆ ಹೊತ್ತಿಕೊಂಡೇ ನಿಂತರೆ ಒಳಗಿನ ಗಂಭೀರ ದೋಷ. ಎಪ್ಸನ್ ಎಲ್380ರಲ್ಲಿ ಹಾಳೆಯ ದೀಪ ಹೊತ್ತಿ ನಿಂತರೆ ಹಾಳೆ ಇಲ್ಲ, ಮಿನುಗಿದರೆ ಹಾಳೆ ಸಿಕ್ಕಿದೆ.

ಇನ್ನೊಂದು ಬದಲಾವಣೆ ಮಾಡಿಕೊಂಡಿದ್ದೇನೆ. ಮೊದಲು ರಾತ್ರಿ ಅಂಗಡಿ ಮುಚ್ಚುವಾಗ ಗೋಡೆಯ ಸ್ವಿಚ್ ಒತ್ತಿಬಿಡುತ್ತಿದ್ದೆ. ಈಗ ಪ್ರಿಂಟರ್‌ನ ಗುಂಡಿಯಿಂದಲೇ ಆರಿಸಿ, ಹಸಿರು ದೀಪ ಮಿನುಗುವುದು ನಿಂತು ಪೂರ್ತಿ ಆರಿದ ಮೇಲೆ ಸ್ವಿಚ್ ತೆಗೆಯುತ್ತೇನೆ. ಆ ಮಿನುಗಿನ ಹೊತ್ತಿನಲ್ಲಿ ಕ್ಯಾರೇಜ್ ಬಲ ಮೂಲೆಗೆ ಹೋಗಿ ಹೆಡ್‌ಗೆ ಮುಚ್ಚಳ ಹಾಕಿಕೊಳ್ಳುತ್ತದೆ. ಹಗಲು ಕರೆಂಟು ಹೋಗಿ ಕ್ಯಾರೇಜ್ ನಡುವೆ ನಿಂತರೆ ಆ ಮುಚ್ಚಳ ಬೀಳುವುದಿಲ್ಲ, ಹೆಡ್ ಒಣಗುತ್ತದೆ, ಶುದ್ಧೀಕರಣ ಹೆಚ್ಚುತ್ತದೆ, ಎಂಟರ ದಿನ ಹತ್ತಿರವಾಗುತ್ತದೆ. ಹಾಗಾಗಿ ಕಕ್ಕಡ ಶುರುವಾಗುವ ಮೊದಲೇ ಪ್ರಿಂಟರ್ ವೈರನ್ನು ಯುಪಿಎಸ್‌ಗೆ ಬದಲಾಯಿಸಿದೆ.