ಚಾರ್ಜರ್ ಹಾಕಿಕೊಂಡೇ ಗೇಮ್ ಆಡ್ತೀರಾ? ಬ್ಯಾಟರಿಯನ್ನು ಹೀಗೆ ನೋಡಿಕೊಳ್ಳಿ

ಗೇಮಿಂಗ್ ಲ್ಯಾಪ್‌ಟಾಪ್ ಇರುವವರು ಚಾರ್ಜರ್ ಸಿಕ್ಕಿಸಿಯೇ ಆಡುತ್ತಾರೆ. ಬೇರೆ ದಾರಿಯೂ ಇಲ್ಲ. ಬರೀ ಬ್ಯಾಟರಿ ಮೇಲೆ ಆಡಿದರೆ ಗ್ರಾಫಿಕ್ಸ್ ಚಿಪ್‌ಗೆ ಬೇಕಾದಷ್ಟು ವಿದ್ಯುತ್ ಸಿಗುವುದಿಲ್ಲ. ಗೇಮ್ ಕುಂಟುತ್ತದೆ, ನೋಡನೋಡುತ್ತಲೇ ಚಾರ್ಜೂ ಮುಗಿಯುತ್ತದೆ. ಆದರೆ ಹೀಗೆ ಸದಾ ಚಾರ್ಜರ್‌ನಲ್ಲೇ ಇರುವ ಬ್ಯಾಟರಿ ಬೇಗ ಸೊರಗುತ್ತದೆ ಅನ್ನುವುದೂ ನಿಜ.

ಓವರ್‌ಚಾರ್ಜ್ ಆಗಿ ಹಾಳಾಯಿತು ಅನ್ನುವವರೇ ಜಾಸ್ತಿ. ಅದು ಹಾಗಲ್ಲ. ಬ್ಯಾಟರಿ ತುಂಬಿದ ಕೂಡಲೇ ಒಳಗಿನ ಸರ್ಕ್ಯೂಟ್ ಚಾರ್ಜಿಂಗ್ ನಿಲ್ಲಿಸುತ್ತದೆ. ತೊಂದರೆ ಇರುವುದು ತುಂಬಿದ ಮೇಲೆ ಹಾಗೇ ತುಂಬಿಕೊಂಡು ಕೂರುವುದರಲ್ಲಿ. ಲಿಥಿಯಂ ಅಯಾನ್ ಸೆಲ್ ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟ್ ಇರುತ್ತದೆ, ಕೆಲವು ಸೆಲ್‌ಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಆ ವೋಲ್ಟೇಜ್‌ನಲ್ಲಿ ಒಳಗಿನ ರಾಸಾಯನಿಕಗಳು ಸುಮ್ಮನಿರುವುದಿಲ್ಲ. ನಿಧಾನವಾಗಿ ಒಂದಕ್ಕೊಂದು ಬೆರೆತು ಎಲೆಕ್ಟ್ರೋಡ್ ಮೇಲೆ ಪದರ ಕಟ್ಟುತ್ತವೆ. ಆ ಪದರದಲ್ಲಿ ಸಿಕ್ಕಿಕೊಂಡ ಲಿಥಿಯಂ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬಿಸಿ ಜಾಸ್ತಿಯಾದಷ್ಟೂ ಇದೆಲ್ಲ ಬೇಗ ಬೇಗ ಆಗುತ್ತದೆ. ಗೇಮ್ ಆಡುವಾಗ ತುಂಬಿದ ಬ್ಯಾಟರಿ, ಬಿಸಿ ಎರಡೂ ಒಟ್ಟಿಗೆ ಗಂಟೆಗಟ್ಟಲೆ ಇರುತ್ತವೆ. ಅವೆರಡನ್ನೂ ಕಡಿಮೆ ಮಾಡುವುದು ಹೇಗೆ ಅಂತ ನೋಡೋಣ.

ಮೊದಲು ಈಗಿನ ಸ್ಥಿತಿ ನೋಡಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಟೈಪ್ ಮಾಡಿ:

```
powercfg /batteryreport
```

ಒಂದು ಫೈಲ್ ತಯಾರಾಗುತ್ತದೆ. ಅದು ಎಲ್ಲಿದೆ ಅಂತ ಅಲ್ಲೇ ತೋರಿಸುತ್ತದೆ. ಬ್ರೌಸರ್‌ನಲ್ಲಿ ತೆರೆದು DESIGN CAPACITY ಮತ್ತು FULL CHARGE CAPACITY ಎಂಬ ಎರಡು ಸಾಲು ಹುಡುಕಿ. ಮೊದಲನೆಯದು 90,000, ಎರಡನೆಯದು 81,000 ಇದ್ದರೆ ನಿಮ್ಮ ಬ್ಯಾಟರಿಯಲ್ಲಿ ಶೇ 90ರಷ್ಟು ಶಕ್ತಿ ಉಳಿದಿದೆ ಎಂದರ್ಥ. ಇದು ಬ್ಯಾಟರಿಯೊಳಗಿನ ಚಿಪ್ ಹಾಕಿದ ಅಂದಾಜು, ಅಳೆದು ತೂಗಿದ ಲೆಕ್ಕವಲ್ಲ. ವಾರದಿಂದ ವಾರಕ್ಕೆ ಸ್ವಲ್ಪ ಏರುಪೇರಾದರೆ ಗಾಬರಿ ಬೇಡ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ಬರೆದಿಟ್ಟುಕೊಂಡರೆ ಸಾಕು.

ಚಾರ್ಜ್ 80ಕ್ಕೆ ನಿಲ್ಲಲಿ

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂತಾದರೆ ಇದನ್ನೇ ಮಾಡಿ. ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜ್ ಮಿತಿ ಹಾಕುವ ಸೌಲಭ್ಯ ಇರುತ್ತದೆ. ಆಸುಸ್‌ನಲ್ಲಿ MyASUS ಒಳಗೆ ಸಿಗುತ್ತದೆ. ಲೆನೊವೊದಲ್ಲಿ Lenovo Vantage ಒಳಗಿನ Conservation Mode ಆನ್ ಮಾಡಬೇಕು. ಎಂಎಸ್ಐನಲ್ಲಿ MSI Center ಒಳಗೆ ನೋಡಿ. ಎಚ್‌ಪಿ, ಡೆಲ್‌ಗಳ ಹಲವು ಮಾದರಿಗಳಲ್ಲಿ ಬಯೋಸ್‌ನಲ್ಲೇ ಇರುತ್ತದೆ. ಲಿನಕ್ಸ್ ಬಳಸುವವರು, ಲ್ಯಾಪ್‌ಟಾಪ್ ಬೆಂಬಲಿಸಿದರೆ, ಹೀಗೆ ಮಾಡಬಹುದು:

```
echo 80 | sudo tee /sys/class/power_supply/BAT0/charge_control_end_threshold
```

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ BAT0 ಬದಲು BAT1 ಇರುತ್ತದೆ. ಲ್ಯಾಪ್‌ಟಾಪ್ ಮೇಜು ಬಿಟ್ಟು ಕದಲುವುದೇ ಇಲ್ಲ ಅನ್ನುವವರು, 60ರ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಹೊರಗೆ ಹೋಗುವುದಿದ್ದರೆ ಹೊರಡುವ ಸ್ವಲ್ಪ ಹೊತ್ತು ಮೊದಲು ಮಿತಿ ತೆಗೆದು ಪೂರ್ತಿ ತುಂಬಿಸಿಕೊಳ್ಳಿ. ತುಂಬಿದ್ದನ್ನು ಆಗಲೇ ಬಳಸಿದರೆ ಏನೂ ನಷ್ಟವಿಲ್ಲ.

ಇದರ ಜೊತೆಗೆ ಇನ್ನೊಂದು ಸಣ್ಣ ಅಭ್ಯಾಸ. ಬ್ಯಾಟರಿ 20ರಲ್ಲಿ ಇರುವಾಗ ಚಾರ್ಜರ್ ಸಿಕ್ಕಿಸಿ ಅದೇ ಗಳಿಗೆಯಲ್ಲಿ ಗೇಮ್ ಶುರು ಮಾಡಬೇಡಿ. ಚಾರ್ಜ್ ಆಗುವಾಗ ಸೆಲ್‌ಗಳು ತಾವೇ ಬಿಸಿಯಾಗುತ್ತವೆ, ಅದರ ಮೇಲೆ ಗೇಮ್‌ನ ಬಿಸಿಯೂ ಸೇರುತ್ತದೆ. ಚಾರ್ಜ್ ಮಿತಿ ಮುಟ್ಟಿ ನಿಂತ ಮೇಲೆ ಆಟ ಶುರುವಾದರೆ ಬ್ಯಾಟರಿಗೆ ಕೆಲಸವೇ ಇರುವುದಿಲ್ಲ.

ಚಾರ್ಜರ್ ಇದ್ದೂ ಶೇಕಡಾವಾರು ಇಳಿಯುತ್ತಿದೆಯೇ?

ಆಟ ಶುರುವಾದಾಗ 80 ಇದ್ದದ್ದು ಎರಡು ಗಂಟೆ ಕಳೆದ ಮೇಲೆ 65ಕ್ಕೆ ಬಂದಿದ್ದರೆ ನಿಮ್ಮ ಅಡಾಪ್ಟರ್ ಸಾಲುತ್ತಿಲ್ಲ. ಚಿಪ್‌ಗಳು ಕೇಳುವ ಅಷ್ಟೂ ವಾಟ್ ಅಡಾಪ್ಟರ್‌ನಿಂದ ಬರುತ್ತಿಲ್ಲ, ಉಳಿದದ್ದನ್ನು ಬ್ಯಾಟರಿ ಕೊಡುತ್ತಿದೆ. ಆಟ ನಿಂತ ಮೇಲೆ ಮತ್ತೆ ತುಂಬುತ್ತದೆ. ಹೀಗೆ ದಿನವೂ ಗೊತ್ತಿಲ್ಲದೆ ಬ್ಯಾಟರಿ ಸವೆಯುತ್ತದೆ. 100 ವಾಟ್‌ನ ಯುಎಸ್‌ಬಿ-ಸಿ ಚಾರ್ಜರ್‌ನಲ್ಲಿ ಆಡುವವರಿಗೆ ಇದು ಸಾಮಾನ್ಯ. ಬರವಣಿಗೆ, ವಿಡಿಯೊ ನೋಡುವುದಕ್ಕೆಲ್ಲ ಅದು ಸಾಕು. ಆಟಕ್ಕೆ ಮಾತ್ರ ಲ್ಯಾಪ್‌ಟಾಪ್ ಜೊತೆ ಬಂದ ದಪ್ಪ ಅಡಾಪ್ಟರನ್ನೇ ಬಳಸಿ. ಅದರಲ್ಲೂ ಇಳಿಯುತ್ತಿದ್ದರೆ ಟರ್ಬೊ ಮೋಡ್ ಬಿಟ್ಟು ಒಂದು ಹಂತ ಕೆಳಗಿನ ಮೋಡ್‌ಗೆ ಬನ್ನಿ.

ಬ್ಯಾಟರಿಯನ್ನೇ ಬಿಚ್ಚಿಟ್ಟು ಆಡಿದರೆ ಹೇಗೆ ಅಂತ ಕೇಳುವವರೂ ಇದ್ದಾರೆ. ಬೇಡ. ಬ್ಯಾಟರಿ ಕಾಣದಿದ್ದರೆ ಹಲವು ಲ್ಯಾಪ್‌ಟಾಪ್‌ಗಳು ತಾವಾಗಿಯೇ ವೇಗ ಇಳಿಸಿಬಿಡುತ್ತವೆ. ಕರೆಂಟ್ ಹೋದರೆ ಸೇವ್ ಮಾಡದ ಆಟವೂ ಹೋಯಿತು.

ಕೂಲಿಂಗ್ ಪ್ಯಾಡ್: ಕೊಳ್ಳುವ ಮೊದಲು ತಲೆಕೆಳಗು ಮಾಡಿ ನೋಡಿ

ಲ್ಯಾಪ್‌ಟಾಪ್ ಆಫ್ ಮಾಡಿ, ಮಗುಚಿ, ಗಾಳಿ ಒಳಗೆ ಹೋಗುವ ಕಿಂಡಿಗಳು ಎಲ್ಲಿವೆ ನೋಡಿ. ಸಾಮಾನ್ಯವಾಗಿ ಪರದೆಯ ಹಿಂಜಿನ ಕಡೆ, ಅಂದರೆ ಹಿಂಭಾಗದಲ್ಲಿ ಇರುತ್ತವೆ. ಬ್ಯಾಟರಿ ಹೆಚ್ಚಾಗಿ ಮುಂಭಾಗದಲ್ಲಿ, ನೀವು ಅಂಗೈ ಊರುವ ಜಾಗದ ಕೆಳಗೆ ಇರುತ್ತದೆ. ಪ್ಯಾಡ್‌ನ ಫ್ಯಾನ್‌ಗಳು ಕಿಂಡಿಗಳ ನೇರಕ್ಕೆ ಬರದೆ ಮುಚ್ಚಿದ ಪ್ಲಾಸ್ಟಿಕ್‌ಗೆ ಗಾಳಿ ಊದುತ್ತಿದ್ದರೆ ಪ್ರಯೋಜನ ಕಡಿಮೆ.

ಪ್ಯಾಡ್ ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಚಿಪ್‌ಗಳ ಬಿಸಿ, ವೇಗ ತೋರಿಸುವ HWiNFO ಎಂಬ ತಂತ್ರಾಂಶ ಹಾಕಿಕೊಂಡು ಒಂದೇ ಗೇಮನ್ನು, ಒಂದೇ ದೃಶ್ಯದಲ್ಲಿ, ಅರ್ಧ ಗಂಟೆ ಆಡಿ. ಸಿಪಿಯು, ಜಿಪಿಯು ಬಿಸಿ ಎಷ್ಟಕ್ಕೆ ನಿಲ್ಲುತ್ತದೆ ಬರೆದುಕೊಳ್ಳಿ. ಆಮೇಲೆ ಹಿಂಭಾಗದ ಎರಡೂ ಮೂಲೆಗೆ ಒಂದೇ ದಪ್ಪದ ಪುಸ್ತಕ ಕೊಟ್ಟು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ. ಕಿಂಡಿ ಮುಚ್ಚದಿರಲಿ. ಅದೇ ಅರ್ಧ ಗಂಟೆ ಮತ್ತೆ ಆಡಿ. ಬರೀ ಎತ್ತರಿಸಿದ್ದಕ್ಕೇ ಕೆಲವು ಡಿಗ್ರಿ ಇಳಿದರೆ ನಿಮಗೆ ಬೇಕಿರುವುದು ಸ್ಟ್ಯಾಂಡ್ ಅಷ್ಟೇ. ಅಗ್ಗದ ಪ್ಯಾಡ್‌ಗಳಲ್ಲಿ ಹಲವು ಕೊಡುವುದೂ ಅಷ್ಟೇ, ಜೊತೆಗೆ ಒಂದಿಷ್ಟು ದೀಪ.

ಇನ್ನೊಂದು ಬಗೆ ಇದೆ. ಸುತ್ತ ಸ್ಪಂಜಿನ ಪಟ್ಟಿ ಇದ್ದು, ಒಂದೇ ಬಲವಾದ ಬ್ಲೋವರ್ ಗಾಳಿಯನ್ನು ಒತ್ತಿ ಕಿಂಡಿಯೊಳಗೆ ನುಗ್ಗಿಸುತ್ತದೆ. ಬಿಸಿ ಚೆನ್ನಾಗಿ ಇಳಿಸುವುದು ಇದೇ. ಸದ್ದು ಮಾತ್ರ ಜೋರು, ಹೆಡ್‌ಫೋನ್ ಇಲ್ಲದೆ ಆಗದು. ಫಿಲ್ಟರ್ ಇಲ್ಲದಿದ್ದರೆ ದೂಳನ್ನೂ ಒಳಗೆ ತುಂಬುತ್ತದೆ. ಬ್ಲೋವರ್ ಆಫ್ ಇರುವಾಗ ಅದರ ಮೇಲೆ ಲ್ಯಾಪ್‌ಟಾಪ್ ಬಳಸಲೇಬೇಡಿ. ಸ್ಪಂಜು ಸುತ್ತ ಮುಚ್ಚಿರುವುದರಿಂದ ಒಳಗಿನ ಫ್ಯಾನ್‌ಗಳಿಗೆ ಗಾಳಿಯೇ ಸಿಗುವುದಿಲ್ಲ.

ಬಿಸಿ ಹುಟ್ಟುವಲ್ಲೇ ಕಡಿಮೆ ಮಾಡುವುದು

ಪ್ಯಾಡ್ ಹೊರಹಾಕುವುದು ಆಗಲೇ ಹುಟ್ಟಿದ ಬಿಸಿಯನ್ನು. ಅಂಡರ್‌ವೋಲ್ಟಿಂಗ್ ಬಿಸಿ ಹುಟ್ಟುವುದನ್ನೇ ತಗ್ಗಿಸುತ್ತದೆ. ತಯಾರಕರು ಎಲ್ಲ ಚಿಪ್‌ಗಳೂ ಓಡಲಿ ಅಂತ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ವೋಲ್ಟೇಜ್ ಇಟ್ಟಿರುತ್ತಾರೆ. ಆ ಹೆಚ್ಚುವರಿಯನ್ನು ತೆಗೆಯುವುದೇ ಇಲ್ಲಿನ ಕೆಲಸ. ಚಿಪ್ ತಿನ್ನುವ ವಿದ್ಯುತ್ ವೋಲ್ಟೇಜ್‌ನ ವರ್ಗದಂತೆ ಏರುವುದರಿಂದ ಸ್ವಲ್ಪ ಇಳಿಸಿದರೂ ಫಲ ದೊಡ್ಡದು.

ಆದರೆ ಅದಕ್ಕೂ ಮೊದಲು ಗೇಮ್‌ನ ಫ್ರೇಮ್ ರೇಟ್‌ಗೆ ಮಿತಿ ಹಾಕಿ. ಕಥೆಯ ಗೇಮ್‌ಗೆ 60 ಅಥವಾ 75 ಸಾಕು, ಅಲ್ವಾ? ಮೆನುವಿನ ಪರದೆಯಲ್ಲಿ 200 ಫ್ರೇಮ್ ಓಡಿಸಿ ಫ್ಯಾನ್ ಕಿರುಚುವಂತೆ ಮಾಡುವುದರಲ್ಲಿ ಅರ್ಥವಿಲ್ಲ.

ಈಗ ಜಿಪಿಯು. ಎನ್‌ವಿಡಿಯಾ ಚಿಪ್ ಇರುವ ಒಂದು ಲ್ಯಾಪ್‌ಟಾಪ್ ಆಟದ ಹೊತ್ತಿಗೆ 900 ಮಿಲಿವೋಲ್ಟ್‌ನಲ್ಲಿ 1900 ಮೆಗಾಹರ್ಟ್ಸ್ ಓಡುತ್ತಿದೆ ಅಂದುಕೊಳ್ಳಿ. ಇದನ್ನು ಇಳಿಸಲು MSI Afterburner ಎಂಬ ತಂತ್ರಾಂಶ ಬೇಕು, ಅದು ಬೇರೆ ಕಂಪನಿಯ ಲ್ಯಾಪ್‌ಟಾಪ್‌ಗಳಲ್ಲೂ ನಡೆಯುತ್ತದೆ. ಅದನ್ನು ತೆರೆದು Ctrl+F ಒತ್ತಿದರೆ ಒಂದು ಗ್ರಾಫ್ ಬರುತ್ತದೆ. ಅಡ್ಡಕ್ಕೆ ವೋಲ್ಟೇಜ್, ಉದ್ದಕ್ಕೆ ವೇಗ. Core Clock ಅನ್ನು ಇಳಿಸುತ್ತಾ ಹೋಗಿ, 775 ಮಿಲಿವೋಲ್ಟ್‌ನ ಬಲಕ್ಕಿರುವ ಚುಕ್ಕಿಗಳೆಲ್ಲ 1700ರ ಕೆಳಗೆ ಬರಲಿ. ಬಳಿಕ 775ರ ಚುಕ್ಕಿಯೊಂದನ್ನು ಮಾತ್ರ ಎಳೆದು 1700ಕ್ಕೆ ಏರಿಸಿ, ಟಿಕ್ ಗುರುತು ಒತ್ತಿ. ಅಲ್ಲಿಂದ ಬಲಕ್ಕೆ ಗೆರೆ ಚಪ್ಪಟೆಯಾಗುತ್ತದೆ. ಚಿಪ್ ಇನ್ನು 775 ದಾಟುವುದಿಲ್ಲ.

ಲೆಕ್ಕ ಹೀಗಿದೆ:

```
(775/900)² × (1700/1900) ≈ 0.66
```

ವೇಗ ಸುಮಾರು ಶೇ 10 ಇಳಿಯಿತು, ಚಿಪ್‌ನ ಮುಖ್ಯ ಭಾಗ ತಿನ್ನುವ ವಿದ್ಯುತ್ ಮೂರನೇ ಒಂದರಷ್ಟು ಇಳಿಯಿತು. ಗ್ರಾಫಿಕ್ಸ್ ಮೆಮೊರಿಯಂಥ ಬೇರೆ ಭಾಗಗಳು ಇದರಲ್ಲಿ ಸೇರಿಲ್ಲ, ಹಾಗಾಗಿ ಒಟ್ಟು ಉಳಿತಾಯ ಇದಕ್ಕಿಂತ ಕಡಿಮೆ. ವೇಗವನ್ನು ಇಳಿಸದೆ ಬರೀ ವೋಲ್ಟೇಜ್ ಇಳಿಸಿದರೆ ಸಾಲದೇ ಅಂತ ಅನಿಸಬಹುದು. ಮೊದಲೇ ವಾಟ್ ಮಿತಿಗೆ ತಾಗಿ ಓಡುತ್ತಿರುವ ಚಿಪ್ ಆ ಉಳಿತಾಯವನ್ನು ಇನ್ನಷ್ಟು ವೇಗಕ್ಕೆ ಖರ್ಚು ಮಾಡಿಬಿಡುತ್ತದೆ, ಬಿಸಿ ಇದ್ದಷ್ಟೇ ಇರುತ್ತದೆ. ಫ್ರೇಮ್ ಬೇಕಾದವರಿಗೆ ಅದು ಲಾಭ. ಬ್ಯಾಟರಿ ಉಳಿಸುವವರು ವೇಗಕ್ಕೂ ಮಿತಿ ಹಾಕಲೇಬೇಕು.

775 ಎಲ್ಲ ಚಿಪ್‌ಗೂ ಹೊಂದುವ ಸಂಖ್ಯೆಯಲ್ಲ. ನಿಮ್ಮಲ್ಲಿರುವ ಅತಿ ಭಾರದ ಗೇಮನ್ನು ಒಂದು ಗಂಟೆ ಆಡಿ. ಪರದೆ ಕಪ್ಪಾದರೆ, ಗೇಮ್ ತಾನಾಗಿ ಮುಚ್ಚಿಕೊಂಡರೆ 25 ಮಿಲಿವೋಲ್ಟ್ ಏರಿಸಿ, 800ಕ್ಕೆ ಅದೇ 1700 ಇಟ್ಟು ನೋಡಿ. ವೋಲ್ಟೇಜ್ ಇಳಿಸಿದ್ದರಿಂದ ಚಿಪ್ ಸುಡುವುದಿಲ್ಲ, ಕ್ರ್ಯಾಶ್ ಆಗುತ್ತದೆ ಅಷ್ಟೇ. ರೀಸ್ಟಾರ್ಟ್ ಮಾಡಿದರೆ ಹಳೆಯ ಸ್ಥಿತಿಗೆ ಬರುತ್ತದೆ. ಕೆಲವು ದಿನ ತೊಂದರೆ ಇಲ್ಲದೆ ಓಡಿದ ಮೇಲಷ್ಟೇ ವಿಂಡೋಸ್ ಜೊತೆ ತಾನಾಗಿ ಶುರುವಾಗುವಂತೆ ಇಡಿ.

ಸಿಪಿಯು ಕಥೆ ಬೇರೆ. ಇಂಟೆಲ್ ಚಿಪ್‌ಗೆ ThrottleStop ಒಳಗಿನ FIVR ಪುಟದಲ್ಲಿ CPU Core, CPU Cache ಎರಡಕ್ಕೂ −50 ಮಿಲಿವೋಲ್ಟ್ ಕೊಟ್ಟು, ಹತ್ತು ಹತ್ತಾಗಿ ಇಳಿಸುವುದು ಕ್ರಮ. ಆದರೆ 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಹೊರಬಂದ ಮೇಲೆ ಹಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಇದಕ್ಕೆ ಬೀಗ ಬಿತ್ತು. ನಿಮ್ಮಲ್ಲಿ Locked ಅಂತ ತೋರಿಸಿದರೆ ಅದರ ಬೆನ್ನು ಬೀಳಬೇಡಿ. ಭದ್ರತಾ ಸೆಟ್ಟಿಂಗ್ ಆಫ್ ಮಾಡಿ ನಾಲ್ಕು ಡಿಗ್ರಿ ಉಳಿಸುವುದು ನನ್ನ ಮಟ್ಟಿಗೆ ಲಾಭದ ವ್ಯಾಪಾರವಲ್ಲ. ಬದಲಿಗೆ ಸಿಪಿಯು ತಾನಾಗಿ ವೇಗ ಏರಿಸಿಕೊಳ್ಳುವ ಟರ್ಬೊವನ್ನು ನಿಲ್ಲಿಸಿ ನೋಡಿ:

```
powercfg /setacvalueindex scheme_current sub_processor PROCTHROTTLEMAX 99
powercfg /setactive scheme_current
```

ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇದರಿಂದ ಸಿಪಿಯು ಬಿಸಿ ಚೆನ್ನಾಗಿ ಇಳಿಯುತ್ತದೆ. ವೇಗ ಇಳಿಯಿತೋ ಇಲ್ಲವೋ HWiNFOದಲ್ಲಿ ಖಾತ್ರಿ ಮಾಡಿಕೊಳ್ಳಿ. ಗೇಮ್ ಎಡವುತ್ತಿದ್ದರೆ 99ರ ಜಾಗದಲ್ಲಿ 100 ಹಾಕಿ ಎರಡೂ ಸಾಲು ಮತ್ತೆ ಓಡಿಸಿ, ಮೊದಲಿನಂತಾಗುತ್ತದೆ.

ಸಿಪಿಯು ವೋಲ್ಟೇಜ್ ಜಾಸ್ತಿ ಇಳಿಸಿದ್ದರ ಗುರುತು ಆಟದಲ್ಲೇ ಕಾಣಬೇಕೆಂದಿಲ್ಲ. ಲ್ಯಾಪ್‌ಟಾಪ್ ಸುಮ್ನೆ ಇರುವಾಗ, ಸ್ಲೀಪ್‌ನಿಂದ ಏಳುವಾಗ ಹೆಪ್ಪುಗಟ್ಟಿದಂತೆ ನಿಂತುಬಿಡಬಹುದು. Event Viewer ತೆರೆದು WHEA-Logger ಹೆಸರಿನ ಎಚ್ಚರಿಕೆಗಳು ಹೊಸದಾಗಿ ಬರುತ್ತಿವೆಯೇ ನೋಡಿ. ಬರುತ್ತಿದ್ದರೆ 20 ಮಿಲಿವೋಲ್ಟ್ ವಾಪಸ್ ಕೊಡಿ.

ಯಾವಾಗ ಬದಲಿಸಬೇಕು?

ರಿಪೋರ್ಟ್‌ನಲ್ಲಿ ಶೇ 70ಕ್ಕೆ ಇಳಿದಿದೆ ಅಂದ ಮಾತ್ರಕ್ಕೆ ಬ್ಯಾಟರಿ ಬದಲಿಸಬೇಕಿಲ್ಲ. ಚಾರ್ಜರ್‌ನಲ್ಲೇ ಆಡುವವರಿಗೆ ಅದರಿಂದ ಹೆಚ್ಚು ವ್ಯತ್ಯಾಸವಾಗದು. 30, 40 ತೋರಿಸುತ್ತಿರುವಾಗಲೇ ಲ್ಯಾಪ್‌ಟಾಪ್ ದಿಢೀರನೆ ಆಫ್ ಆಗುತ್ತಿದ್ದರೆ ಮೊದಲು ಮಿತಿ ತೆಗೆದು ಒಮ್ಮೆ 100ರವರೆಗೆ ತುಂಬಿಸಿ, ಆಮೇಲೆ ಶೇ 10ರ ಆಸುಪಾಸಿಗೆ ಇಳಿಸಿ, ಮತ್ತೆ ತುಂಬಿಸಿ ನೋಡಿ. ತಿಂಗಳುಗಟ್ಟಲೆ 80ರಲ್ಲೇ ಇದ್ದ ಬ್ಯಾಟರಿಯ ಲೆಕ್ಕ ತಪ್ಪಿರುತ್ತದೆ, ಇದರಿಂದ ಸರಿಹೋಗಬಹುದು. ಆಮೇಲೂ ಹಾಗೇ ಆದರೆ ಬದಲಿಸಿ.

ಉಬ್ಬಿದ ಬ್ಯಾಟರಿಗೆ ಮಾತ್ರ ಈ ತಾಳ್ಮೆ ಸಲ್ಲದು. ಟಚ್‌ಪ್ಯಾಡ್ ಕ್ಲಿಕ್ ಗಟ್ಟಿಯಾಗುವುದು, ಅದರ ಒಂದು ಅಂಚು ಮೇಲೆದ್ದಿರುವುದು, ಸಮತಟ್ಟಾದ ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲ್ಲಾಡುವುದು ಇದರ ಗುರುತು. ಹಾಗೆ ಕಂಡರೆ ಆಫ್ ಮಾಡಿ, ಚಾರ್ಜರ್ ಕಿತ್ತು, ಒತ್ತದೆ ಚುಚ್ಚದೆ ಸರ್ವಿಸ್‌ನವರಿಗೆ ಕೊಡಿ. ಹೊಸ ಬ್ಯಾಟರಿ ಬರುವವರೆಗೆ ಅದನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ.